ಸಾಲು ತಪ್ಪಿದ ಚುಕ್ಕೆ

ವಿಜ್ಞಾನ ಮೇಳದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಲೋಲಕದ ಗ್ರಾಫ್ ತೂಗುಹಾಕಿದ್ದಳು. ದಾರದ ಉದ್ದ 20, 40, 60, 80, 100 ಸೆಂಟಿಮೀಟರ್. ಪ್ರತಿ ಉದ್ದಕ್ಕೂ 20 ತೂಗಾಟಗಳ ಸಮಯ ಅಳೆದು, ಒಂದು ತೂಗಾಟದ ಸಮಯದ ವರ್ಗವನ್ನು ಉದ್ದದೆದುರು ಗುರುತಿಸಿದ್ದಳು. ನಾಲ್ಕು ಚುಕ್ಕೆಗಳು ಸರಳರೇಖೆಯಲ್ಲಿದ್ದವು. 80ರದ್ದು ಮಾತ್ರ ಕೆಳಗೆ ಜಾರಿತ್ತು.

"ಇದನ್ನು ಅಳಿಸಿದ್ದರೆ ಗ್ರಾಫ್ ಚೆನ್ನಾಗಿ ಕಾಣುತ್ತಿತ್ತಲ್ಲಮ್ಮ?" ಎಂದರು ತೀರ್ಪುಗಾರರು.

"ಅಳೆದದ್ದು ಅದೇ ಅಲ್ವಾ ಸರ್," ಎಂದು ಹುಡುಗಿ ನೋಟ್‌ಬುಕ್ ತೆರೆದಳು. ಮೊದಲ ಸಲ 34.1 ಸೆಕೆಂಡ್ ಬಂದಿತ್ತು. ಮತ್ತೆ ಮೂರು ಸಲ ಅಳೆದಾಗ 35.8, 36.0, 35.9. "ವ್ಯತ್ಯಾಸ ಸುಮಾರು 1.8 ಸೆಕೆಂಡ್. ಈ ಉದ್ದಕ್ಕೆ ಒಂದು ತೂಗಾಟಕ್ಕೂ ಅಷ್ಟೇ ಸಮಯ ಬೇಕು. ಗಡಿಯಾರ ಒತ್ತುವಾಗ ಸೊನ್ನೆ ಅನ್ನುವ ಬದಲು ಒಂದು ಅಂದಿರಬೇಕು. ಹಾಗಾಗಿ 19ನ್ನೇ 20 ಎಂದುಕೊಂಡೆ."

"ಖಾತ್ರಿಯೇ?"

"ಇಲ್ಲ ಸರ್, ಊಹೆ. ಅದಕ್ಕೇ ಚುಕ್ಕೆಗೆ ಸುತ್ತು ಹಾಕಿ, ಕಾರಣ ಬರೆದು, ಹೊಸ ಅಳತೆಯನ್ನು ಪಕ್ಕದಲ್ಲೇ ತೋರಿಸಿದ್ದೇನೆ."

ದೂರ ನಿಂತ ಚುಕ್ಕೆ ಎಣಿಕೆಯ ತಪ್ಪಿನಿಂದ ಬಂದಿರಬಹುದು, ಉಪಕರಣದ ದೋಷದಿಂದಲೂ ಬಂದಿರಬಹುದು. ಒಮ್ಮೊಮ್ಮೆ ನಮ್ಮ ಸೂತ್ರವೇ ಅಲ್ಲಿಗೆ ಹೊಂದದಿರಬಹುದು. ಮತ್ತೆ ಅಳೆಯದೆ ಯಾವುದೆಂದು ತಿಳಿಯದು. ರೇಖೆಗೆ ಹೊಂದಲಿಲ್ಲ ಎಂಬುದೊಂದೇ ಅಳಿಸಲು ಕಾರಣವಾಗಬಾರದು. ನಿಮ್ಮ ಮಕ್ಕಳ ಗ್ರಾಫಿನಲ್ಲಿ ಅಂಥ ಚುಕ್ಕೆ ಕಂಡರೆ ರಬ್ಬರ್ ಕೊಡಬೇಡಿ, ಮತ್ತೊಮ್ಮೆ ಅಳೆಯಲು ಹೇಳಿ.