ಇಪ್ಪತ್ತೆರಡು ಅಂಡಾಣು, ಕೊನೆಯ ಒಂದು ಇಂಜೆಕ್ಷನ್

ಈ ಸಂಚಿಕೆ ಶುರುವಾಗಿದ್ದು ಒಂದು ಫೋನ್ ಕರೆಯಿಂದ. ಬರ್ಮಿಂಗ್‌ಹ್ಯಾಮ್‌ನಲ್ಲಿರೋ ಗೆಳತಿಯೊಬ್ಬಳು ರಾತ್ರಿ ಹತ್ತರ ಹೊತ್ತಿಗೆ ಫೋನ್ ಮಾಡಿದಳು, ಧ್ವನಿ ನಡುಗ್ತಾ ಇತ್ತು. "ಅಕ್ಕಾ, ಇಪ್ಪತ್ತೆರಡು ಅಂಡಾಣು ಸಿಕ್ಕಿವೆಯಂತೆ. ಆದ್ರೆ ಈ ತಿಂಗಳು ಭ್ರೂಣ ಒಳಗೆ ಇಡೋದಿಲ್ಲ, ಎಲ್ಲಾ ಫ್ರೀಜ್ ಮಾಡ್ತೀವಿ ಅಂತಾರೆ. ಏನೋ ಕೆಟ್ಟಿದೆ, ನನಗೆ ಹೇಳ್ತಿಲ್ಲ ಅನ್ಸುತ್ತೆ." ದಾವಣಗೆರೆಯಲ್ಲಿರೋ ಅತ್ತೆಯೂ ಅದನ್ನೇ ಕೇಳಿದ್ದಾರೆ: ಇಷ್ಟೆಲ್ಲ ಸಿದ್ಧವಾದ ಮೇಲೆ ಯಾಕೆ ತಡ?

ನಾನು ವೈದ್ಯೆ ಅಲ್ಲ, ಲ್ಯಾಬ್‌ನಲ್ಲಿ ಕೆಲಸ ಮಾಡೋ ಜೀವಶಾಸ್ತ್ರಜ್ಞೆ. ಆದ್ರೆ ಅವಳ ಪ್ರಶ್ನೆಗೆ ಉತ್ತರ ಜೀವಶಾಸ್ತ್ರದಲ್ಲೇ ಇದೆ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ, ಇವತ್ತು ಅದನ್ನೇ ಹೇಳ್ತೀನಿ.

ಮೊದಲು ನಾನಿರೋ ಊರಿನ ಪಕ್ಕಕ್ಕೆ ಹೋಗಿಬರೋಣ. ಮ್ಯಾಂಚೆಸ್ಟರ್‌ಗೆ ಹತ್ತಿರದ ಓಲ್ಡ್‌ಹ್ಯಾಮ್‌ನಲ್ಲಿ 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಳು, ಜಗತ್ತಿನ ಮೊದಲ ಪ್ರನಾಳ ಶಿಶು. ಇದು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು ಏನಂದ್ರೆ, ಆ ಗರ್ಭಕ್ಕೆ ಅಂಡಾಶಯವನ್ನು ಪ್ರಚೋದಿಸೋ ಇಂಜೆಕ್ಷನ್ ಒಂದನ್ನೂ ಕೊಟ್ಟಿರಲಿಲ್ಲ. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಜೀನ್ ಪರ್ಡಿ ಅದಕ್ಕೂ ಮುಂಚೆ ಎಷ್ಟೋ ಹೆಂಗಸರಿಗೆ ಹಾರ್ಮೋನ್ ಕೊಟ್ಟು ನೋಡಿ ಸೋತಿದ್ದರು. ಕೊನೆಗೆ 1977ರ ನವೆಂಬರ್‌ನಲ್ಲಿ ತಾಯಿ ಲೆಸ್ಲಿ ಬ್ರೌನ್ ಅವರ ಸಹಜ ಚಕ್ರವನ್ನೇ ಕಾದರು. ಕೆಲವು ಗಂಟೆಗೊಮ್ಮೆ ಮೂತ್ರ ಪರೀಕ್ಷಿಸಿ, ಎಲ್‌ಎಚ್ ಅನ್ನೋ ಹಾರ್ಮೋನ್ ಏರಿದ ಗಳಿಗೆ ಹಿಡಿದು, ಒಂದೇ ಒಂದು ಅಂಡಾಣು ತೆಗೆದರು. ಅದೇ ಲೂಯಿಸ್ ಆಯ್ತು.

ಒಂದು ಅಂಡಾಣುವಿನ ಮೇಲೆ ಇಡೀ ಚಿಕಿತ್ಸೆ ನಿಲ್ಲಿಸಿದ್ರೆ ಸೋಲೇ ಹೆಚ್ಚು. ಹಾಗಾಗಿ ಮುಂದಿನ ವರ್ಷಗಳಲ್ಲಿ ಪ್ರಚೋದನೆ ವಾಪಸ್ ಬಂತು. ಅದು ಮಾಡೋದು ಇಷ್ಟು: ಪ್ರತಿ ತಿಂಗಳೂ ಅಂಡಾಶಯದಲ್ಲಿ ಹಲವು ಫಾಲಿಕಲ್‌ಗಳು, ಅಂದ್ರೆ ಅಂಡಾಣು ಇರೋ ಪುಟ್ಟ ನೀರ್ಗುಳ್ಳೆಗಳು, ಒಟ್ಟಿಗೇ ಓಟ ಶುರು ಮಾಡ್ತವೆ. ಅವಕ್ಕೆ ಆಹಾರ ಎಫ್‌ಎಸ್‌ಎಚ್ ಹಾರ್ಮೋನ್. ಕೆಲವು ದಿನ ಕಳೆದ ಮೇಲೆ ದೇಹ ಆ ಆಹಾರ ಕಡಿಮೆ ಮಾಡುತ್ತೆ. ಮುಂದಿರೋ ಒಂದು ಬದುಕುತ್ತೆ, ಉಳಿದವು ಬಾಡಿ ಹೋಗ್ತವೆ. ಇಂಜೆಕ್ಷನ್‌ನಲ್ಲಿ ಎಫ್‌ಎಸ್‌ಎಚ್ ಕೊಡ್ತಾ ಹೋದ್ರೆ ಹೇಗೂ ಬಾಡಬೇಕಿದ್ದವೂ ಬೆಳೀತವೆ. "ಮುಂದಿನ ವರ್ಷದ ಅಂಡಾಣುಗಳನ್ನ ಈಗಲೇ ಖಾಲಿ ಮಾಡಿಬಿಡ್ತಾರಾ?" ಅಂತ ತುಂಬಾ ಜನ ಕೇಳ್ತಾರೆ. ಇಲ್ಲ, ಅವು ಆ ತಿಂಗಳೇ ಹೋಗಬೇಕಿದ್ದವು.

ಈಗ ನನ್ನ ಗೆಳತಿಯ ವಿಷಯ. ವಯಸ್ಸು 31, ಪಿಸಿಒಎಸ್ ಇದೆ. ಎಎಂಎಚ್ ಅನ್ನೋ ರಕ್ತಪರೀಕ್ಷೆ ಅವಳಲ್ಲಿ 45 ಬಂದಿತ್ತು. ಇಲ್ಲಿ ಒಂದು ಮಾತು: ಬ್ರಿಟನ್ನಿನಲ್ಲಿ ಇದನ್ನು ಲೀಟರಿಗೆ ಪಿಕೋಮೋಲ್‌ನಲ್ಲಿ ಅಳೀತಾರೆ, ಬೆಂಗಳೂರಿನ ಲ್ಯಾಬ್ ಮಿಲಿಲೀಟರಿಗೆ ನ್ಯಾನೋಗ್ರಾಂನಲ್ಲಿ ಕೊಡುತ್ತೆ. ಇಲ್ಲಿನ ಸಂಖ್ಯೆಯನ್ನು ಸುಮಾರು ಏಳರಿಂದ ಭಾಗಿಸಿದ್ರೆ ಅಲ್ಲಿನದು ಬರುತ್ತೆ. ಅವಳ ಅತ್ತಿಗೆಗೆ ಹುಬ್ಬಳ್ಳಿಯಲ್ಲಿ 6 ಬಂದಿತ್ತಂತೆ, "ನನ್ನದು ಏಳು ಪಟ್ಟು ಜಾಸ್ತಿ" ಅಂತ ಇವಳು ಹೆದರಿಕೊಂಡಿದ್ದಳು. ಎರಡೂ ಹೆಚ್ಚುಕಡಿಮೆ ಒಂದೇ. ಆದ್ರೆ ಎರಡೂ ಹೆಚ್ಚೇ. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಇಲ್ಲಿನ ಲೆಕ್ಕದಲ್ಲಿ 25 ದಾಟಿದ್ರೆ, ಅಥವಾ ಮೊದಲ ಸ್ಕ್ಯಾನ್‌ನಲ್ಲಿ 16ಕ್ಕಿಂತ ಹೆಚ್ಚು ಸಣ್ಣ ಫಾಲಿಕಲ್ ಕಂಡ್ರೆ, ಅಂಡಾಶಯ ಔಷಧಕ್ಕೆ ಅತಿಯಾಗಿ ಪ್ರತಿಕ್ರಿಯಿಸಬಹುದು. ಇವಳಿಗೆ 30 ಕಂಡಿದ್ದವು.

ಅದಕ್ಕೇ ಕಡಿಮೆ ಪ್ರಮಾಣ ಕೊಟ್ಟರು, ಮುಟ್ಟಿನ ಎರಡನೇ ದಿನದಿಂದ ದಿನಕ್ಕೆ 112.5 ಯೂನಿಟ್ ಎಫ್‌ಎಸ್‌ಎಚ್. ಆರನೇ ದಿನದಿಂದ ಇನ್ನೊಂದು ಇಂಜೆಕ್ಷನ್ ಸೇರಿತು, ಆಂಟಗೊನಿಸ್ಟ್ ಅಂತ. ಮೆದುಳಿನ ಕೆಳಗಿರೋ ಪಿಟ್ಯುಟರಿ ಗ್ರಂಥಿ ಅವಸರಪಟ್ಟು ಎಲ್‌ಎಚ್ ಬಿಟ್ಟು, ನಾವು ತೆಗೆಯೋ ಮೊದಲೇ ಅಂಡಾಣು ಜಾರಿಹೋಗದಂತೆ ತಡೆಯೋದು ಅದರ ಕೆಲಸ. ಹತ್ತನೇ ದಿನದ ಸ್ಕ್ಯಾನ್‌ನಲ್ಲಿ 27 ಫಾಲಿಕಲ್, ಮೂರು 18 ಮಿಲಿಮೀಟರ್ ದಾಟಿದ್ದವು.

ಇಲ್ಲಿಗೆ ಬಂದ್ವಿ ನಿಜವಾದ ಕವಲಿಗೆ. ಬೆಳೆದ ಅಂಡಾಣು ಇನ್ನೂ ಮಾಗಿಲ್ಲ. ಮಾಗೋಕೆ ಎಲ್‌ಎಚ್‌ನ ಒಂದು ದೊಡ್ಡ ಅಲೆ ಬೇಕು. ಹಳೆಯ ದಾರಿ ಅಂದ್ರೆ ಎಚ್‌ಸಿಜಿ ಇಂಜೆಕ್ಷನ್, ಗರ್ಭಿಣಿಯ ದೇಹ ಮಾಡೋ ಅದೇ ಹಾರ್ಮೋನ್. ಎಲ್‌ಎಚ್ ಕೂರೋ ಜಾಗದಲ್ಲೇ ಅದೂ ಕೂರುತ್ತೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತೆ. ಸಮಸ್ಯೆ ಏನಂದ್ರೆ ಹೋಗೋದಿಲ್ಲ. ಎಲ್‌ಎಚ್ ರಕ್ತದಲ್ಲಿ ಒಂದು ಗಂಟೆಯೊಳಗೆ ಅರ್ಧಕ್ಕಿಳಿದ್ರೆ, ಎಚ್‌ಸಿಜಿ ಅರ್ಧವಾಗೋಕೆ ಒಂದು ದಿನಕ್ಕೂ ಹೆಚ್ಚು ಬೇಕು. ಒಂದು ವಾರದ ತನಕ ಅದರ ಪ್ರಭಾವ ಇರುತ್ತೆ.

ಅಂಡಾಣು ತೆಗೆದ ಮೇಲೆ ಖಾಲಿಯಾದ ಪ್ರತಿ ಫಾಲಿಕಲ್ ಕಾರ್ಪಸ್ ಲ್ಯೂಟಿಯಂ ಅನ್ನೋ ಗ್ರಂಥಿಯಾಗುತ್ತೆ. ಸಹಜ ಚಕ್ರದಲ್ಲಿ ಅಂಥದ್ದು ಒಂದು, ಇವಳಲ್ಲಿ ಇಪ್ಪತ್ತಕ್ಕೂ ಹೆಚ್ಚು. ಎಚ್‌ಸಿಜಿ ಅಷ್ಟಕ್ಕೂ ವಾರವಿಡೀ ಹುಕುಂ ಕೊಡ್ತಾ ಇದ್ರೆ, ಅವೆಲ್ಲ ಸೇರಿ ವಿಇಜಿಎಫ್ ಅನ್ನೋ ಪ್ರೋಟೀನ್ ಸುರಿಸ್ತವೆ. ಅದು ಸಣ್ಣ ರಕ್ತನಾಳಗಳ ಗೋಡೆ ಸಡಿಲ ಮಾಡುತ್ತೆ. ರಕ್ತದ ನೀರು, ಆಲ್ಬುಮಿನ್ ಸಮೇತ, ಹೊಟ್ಟೆಯೊಳಗೆ ಸೋರುತ್ತೆ. ಇದೇ ಓಎಚ್‌ಎಸ್‌ಎಸ್, ಅಂಡಾಶಯ ಅತಿಪ್ರಚೋದನೆಯ ಸ್ಥಿತಿ. ಹೊರಗಿಂದ ನೋಡಿದ್ರೆ ಹೊಟ್ಟೆ ತುಂಬಾ ನೀರು, ಒಳಗೆ ನಾಳಗಳಲ್ಲಿ ಬರ. ರಕ್ತ ಗಟ್ಟಿಯಾಗುತ್ತೆ, ಮೂತ್ರ ಇಳಿಯುತ್ತೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟೋ ಅಪಾಯ. ರಕ್ತದಲ್ಲಿ ಕೆಂಪುಕಣಗಳ ಪಾಲು 45 ಪ್ರತಿಶತ ದಾಟಿದ್ರೆ ಅದು ತೀವ್ರ, 55 ದಾಟಿದ್ರೆ ಪ್ರಾಣಕ್ಕೇ ಅಪಾಯ ಅಂತ ಇಲ್ಲಿನ ವೈದ್ಯರ ಲೆಕ್ಕ. ಸೌಮ್ಯ ರೂಪದ ಉಬ್ಬರ ಮೂರರಲ್ಲಿ ಒಂದು ಐವಿಎಫ್ ಚಕ್ರದವರೆಗೂ ಕಾಣಬಹುದು. ಮಧ್ಯಮ ಅಥವಾ ತೀವ್ರವಾಗೋದು ನೂರಕ್ಕೆ ಮೂರರಿಂದ ಎಂಟು.

ಇಷ್ಟು ದಿನ ಚುಚ್ಚಿಕೊಂಡ ಎಫ್‌ಎಸ್‌ಎಚ್ ಸೌದೆ ಒಟ್ಟಿತು ಅಷ್ಟೇ, ಕಡ್ಡಿ ಗೀರೋದು ಕೊನೆಯ ಎಚ್‌ಸಿಜಿ. ಹಾಗಾದ್ರೆ ಕಡ್ಡಿಯನ್ನೇ ಬದಲಿಸಬಹುದಲ್ವಾ? ಬದಲಿಸಬಹುದು. ನನ್ನ ಗೆಳತಿಗೆ ಕೊಟ್ಟಿದ್ದು ಬುಸರೆಲಿನ್, ಅಗೊನಿಸ್ಟ್ ಜಾತಿಯ ಔಷಧ. ಅದು ಪಿಟ್ಯುಟರಿಯನ್ನೇ ತಟ್ಟಿ ಎಬ್ಬಿಸಿ, ದೇಹದ ಸ್ವಂತ ಎಲ್‌ಎಚ್ ಅಲೆಯನ್ನು ಹೊರಡಿಸುತ್ತೆ. ಅಲೆ ಒಂದೆರಡು ದಿನದಲ್ಲಿ ಇಳಿಯುತ್ತೆ, ಗ್ರಂಥಿಗಳೂ ಬೇಗ ಕುಸೀತವೆ. ಆಂಟಗೊನಿಸ್ಟ್‌ನಂಥ ವಿಧಾನದಲ್ಲಿ ಮಾತ್ರ ಇದು ಸಾಧ್ಯ. ಹಳೆಯ ದೀರ್ಘ ವಿಧಾನದಲ್ಲಿ ಪಿಟ್ಯುಟರಿಯನ್ನು ವಾರಗಟ್ಟಲೆ ಮಲಗಿಸಿಬಿಟ್ಟಿರ್ತಾರೆ, ತಟ್ಟಿದ್ರೂ ಏಳೋಲ್ಲ.

ವಿಧಾನ ಬದಲಾದ್ರೆ ಉತ್ತರ ಹೇಗೆ ಬದಲಾಗುತ್ತೆ ಅನ್ನೋದಕ್ಕೆ ಲೀಡ್ಸ್‌ನದೇ ಒಂದು ಉದಾಹರಣೆ ನನಗಿಷ್ಟ. 2006ರಲ್ಲಿ ಅಲ್ಲಿನ ತಂಡ ದೀರ್ಘ ವಿಧಾನದ 101 ಚಕ್ರಗಳಲ್ಲಿ ಪಿಸಿಒಎಸ್ ಇದ್ದವರಿಗೆ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟು ನೋಡಿತು. ತೀವ್ರ ಓಎಚ್‌ಎಸ್‌ಎಸ್ ಸುಮಾರು 20ರಿಂದ 4 ಪ್ರತಿಶತಕ್ಕೆ ಇಳಿಯಿತು. ಹತ್ತು ವರ್ಷದ ನಂತರ ಅದೇ ಊರಿನ ತಂಡ ಆಂಟಗೊನಿಸ್ಟ್ ವಿಧಾನದಲ್ಲಿ ಮತ್ತೆ ಪರೀಕ್ಷಿಸಿದಾಗ ಮಾತ್ರೆಯಿಂದ ಅಂಥ ಲಾಭ ಕಾಣಲಿಲ್ಲ. "ನನಗೆ ಮೆಟ್‌ಫಾರ್ಮಿನ್ ಯಾಕೆ ಕೊಡಲಿಲ್ಲ?" ಅಂತ ಕೇಳೋರಿಗೆ ಇದೂ ಒಂದು ಕಾರಣ ಇರಬಹುದು.

ಮಂಗಳವಾರ ರಾತ್ರಿ ಹತ್ತಕ್ಕೆ ಬುಸರೆಲಿನ್, ಸರಿಯಾಗಿ 36 ಗಂಟೆ ಆದ ಮೇಲೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ಸೂಜಿಯಿಂದ ಅಂಡಾಣು ಹೊರಗೆ. ಸಿಕ್ಕಿದ್ದು 22, ಮಾಗಿದ್ದು 18, ಫಲಿತವಾಗಿದ್ದು 13, ಐದಾರು ದಿನ ಬೆಳೆದು ಬ್ಲಾಸ್ಟೊಸಿಸ್ಟ್ ಹಂತ ಮುಟ್ಟಿದ್ದು 5. ಈ ಇಳಿತ ಕಂಡು ಗಾಬರಿ ಬೇಡ, ಸಾಮಾನ್ಯವಾಗಿ ಹೀಗೇ ಆಗೋದು.

ಮತ್ತೆ ಫ್ರೀಜ್ ಯಾಕೆ? ಎರಡು ಕಾರಣ. ಗ್ರಂಥಿಗಳು ಬೇಗ ಕುಸಿದಾಗ ಗರ್ಭಕೋಶದ ಒಳಪದರಕ್ಕೂ ಆಸರೆ ತಪ್ಪುತ್ತೆ, ಆಗಲೇ ಭ್ರೂಣ ಇಟ್ಟರೆ ನಿಲ್ಲೋ ಸಾಧ್ಯತೆ ಕಡಿಮೆ. ಎರಡನೇದು ಇನ್ನೂ ಮುಖ್ಯ: ನಿಂತರೆ ಆ ಗರ್ಭವೇ ಎಚ್‌ಸಿಜಿ ಮಾಡೋಕೆ ಶುರು ಮಾಡುತ್ತೆ! ಹತ್ತು ದಿನದ ನಂತರ ಬರೋ ತಡವಾದ ಓಎಚ್‌ಎಸ್‌ಎಸ್ ಇದರದ್ದೇ ಕೆಲಸ, ಮೊದಲ ವಾರದ್ದಕ್ಕಿಂತ ಹೆಚ್ಚು ದಿನ ಕಾಡುತ್ತೆ. ಹಾಗಂತ ಎಲ್ಲರಿಗೂ ಫ್ರೀಜ್ ಒಳ್ಳೇದು ಅಂತಲ್ಲ. ಫ್ರೀಜ್ ಮಾಡಿದ ಭ್ರೂಣದ ಗರ್ಭದಲ್ಲಿ ತಾಯಿಗೆ ರಕ್ತದೊತ್ತಡ ಏರೋ ಸಾಧ್ಯತೆ ಸ್ವಲ್ಪ ಹೆಚ್ಚು. ಅಪಾಯ ಕಡಿಮೆ ಇರೋರಿಗೆ ಈ ಲೆಕ್ಕ ಬೇರೆ. ಅಗೊನಿಸ್ಟ್ ಕೊಟ್ಟು ಫ್ರೀಜ್ ಮಾಡಿದ ಮೇಲೂ ಅಪರೂಪಕ್ಕೆ ಓಎಚ್‌ಎಸ್‌ಎಸ್ ಬಂದದ್ದಿದೆ.

ಹಾಗಾಗಿ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ. ದಿನಾ ಬೆಳಿಗ್ಗೆ ತೂಕ ನೋಡಿ. ಅದು ಬೇಗಬೇಗ ಏರ್ತಾ ಹೋದ್ರೆ, ಹೊಟ್ಟೆ ಬಿಗಿದ್ರೆ, ವಾಂತಿ ನಿಲ್ಲದಿದ್ರೆ, ಮೂತ್ರ ಕಡಿಮೆಯಾಗಿ ಕಡುಬಣ್ಣಕ್ಕೆ ತಿರುಗಿದ್ರೆ ಕ್ಲಿನಿಕ್‌ನ ರಾತ್ರಿ ನಂಬರ್‌ಗೆ ಫೋನ್ ಮಾಡಿ. ಉಸಿರು ಕಟ್ಟಿದ್ರೆ, ಒಂದೇ ಕಾಲು ಊದಿದ್ರೆ, ಕುತ್ತಿಗೆ ಊದಿ ನೋವಾದ್ರೆ ನೇರ ಎಮರ್ಜೆನ್ಸಿಗೆ ಹೋಗಿ, ಬಾಗಿಲಲ್ಲೇ "ಐವಿಎಫ್ ನಡೀತಿದೆ" ಅಂತ ಹೇಳಿ. ನೋವಿಗೆ ಪ್ಯಾರಸಿಟಮಾಲ್ ಸರಿ, ಐಬುಪ್ರೊಫೆನ್ ಬೇಡ, ಮೂತ್ರಪಿಂಡಕ್ಕೆ ಒಳ್ಳೇದಲ್ಲ. ಎಳನೀರು ಕುಡೀರಿ, ಬಾಯಾರಿಕೆಗೆ ತಕ್ಕಷ್ಟು, ಬಲವಂತವಾಗಿ ಲೀಟರ್‌ಗಟ್ಟಲೆ ಅಲ್ಲ.

ಇನ್ನೊಂದು ಮಾತು, ರಜೆ ಹಾಕಿ ಬೆಂಗಳೂರಿಗೆ ಹೋಗಿ ಐವಿಎಫ್ ಮಾಡಿಸಿಕೊಂಡು ಬರೋರಿಗೆ. ತಡವಾದ ಓಎಚ್‌ಎಸ್‌ಎಸ್ ಬರೋ ಹೊತ್ತಿಗೆ ನೀವು ಮ್ಯಾಂಚೆಸ್ಟರ್‌ನಲ್ಲಿ ಇಳಿದಿರ್ತೀರಿ. ಗಟ್ಟಿಯಾದ ರಕ್ತಕ್ಕೆ ಉದ್ದದ ವಿಮಾನಯಾನವೂ ಸೇರಿದ್ರೆ ಹೆಪ್ಪುಗಟ್ಟೋ ಅಪಾಯ ಇನ್ನೂ ಹೆಚ್ಚು. ಕೊನೆಯ ಇಂಜೆಕ್ಷನ್ ಯಾವುದು, ಯಾವತ್ತು, ಎಷ್ಟು ಅಂಡಾಣು, ಭ್ರೂಣ ಇಟ್ಟರಾ ಇಲ್ವಾ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ.

ಗೆಳತಿಗೆ ನಾಲ್ಕು ದಿನ ಹೊಟ್ಟೆ ಉಬ್ಬರ ಇತ್ತು, ತೂಕ ಒಂದು ಕಿಲೋ ಏರಿ ಇಳೀತು, ಆಮೇಲೆ ಮುಟ್ಟು ಬಂತು. ಅತ್ತೆಯ ಪ್ರಶ್ನೆ ಈಗ ಬದಲಾಗಿದೆ: ಮೈನಸ್ 196 ಡಿಗ್ರಿಯಲ್ಲಿ ಇಟ್ಟಿದ್ದು ಮಗು ಆಗುತ್ತಾ? ಅವರಿಗೆ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಅವರ ಕಥೆ ಹೇಳು ಅಂದೆ. ಲೂಯಿಸ್ ಹುಟ್ಟಿದ ಎರಡು ತಿಂಗಳ ಮೇಲೆ, 1978ರ ಅಕ್ಟೋಬರ್ 3ರಂದು ಅಲ್ಲಿ ಹುಟ್ಟಿದ ಮಗು ಹಾರ್ಮೋನ್ ಪ್ರಚೋದನೆಯಿಂದ ಬಂದದ್ದು, ಭ್ರೂಣವನ್ನು ಫ್ರೀಜ್ ಮಾಡಿ, ಬೇರೆ ಚಕ್ರದಲ್ಲಿ ಇಟ್ಟದ್ದು. ಅಂದು ಯಾರೂ ಅವರನ್ನು ನಂಬಲಿಲ್ಲ, 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ 1997ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅದನ್ನು ಬರೆದವರು ಡಾ. ಟಿ.ಸಿ. ಆನಂದ ಕುಮಾರ್.

ಗೆಳತಿಗೆ ಮುಂದಿನ ತಿಂಗಳು ಭ್ರೂಣ ಇಡ್ತಾರೆ. ಐದರಲ್ಲಿ ಒಂದೇ ಒಂದು.