ನೀವು ಬಿಟ್ಟ ಇಮೇಲ್ ವಿಳಾಸ ಯಾರ ಪಾಲಾಗುತ್ತದೆ?

2013ರ ಜೂನ್‌ನಲ್ಲಿ ಯಾಹೂ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಯಾರೂ ಲಾಗಿನ್ ಆಗದ ಐಡಿಗಳನ್ನು ವಾಪಸ್ ಪಡೆದು, ಬೇಕೆಂದವರಿಗೆ ಕೊಡುತ್ತೇವೆ ಎಂಬುದು ಅದರ ಸಾರ. ಕೇಳಿದವರಿಗೆ ಇದು ಸಿಹಿ ಸುದ್ದಿಯೇ ಆಗಿತ್ತು. ಚಿಕ್ಕ, ಚೊಕ್ಕ ಹೆಸರುಗಳೆಲ್ಲ ಮೊದಲು ಬಂದವರ ಪಾಲಾಗಿದ್ದವು. ತಡವಾಗಿ ಬಂದವರು ತಮ್ಮ ಹೆಸರಿನ ಮುಂದೆ ನಾಲ್ಕೈದು ಅಂಕಿ ಸೇರಿಸಿಕೊಂಡು ಸುಧಾರಿಸಿಕೊಂಡಿದ್ದರು. ಜುಲೈನಲ್ಲಿ ಬೇಕಾದ ಹೆಸರು ಬರೆದು ಕೊಡಿ, ಸಿಕ್ಕಿತೋ ಇಲ್ಲವೋ ಆಗಸ್ಟ್‌ನಲ್ಲಿ ತಿಳಿಸುತ್ತೇವೆ ಎಂದಿತು ಕಂಪನಿ.

ಯಾಹೂ ಮುನ್ನೆಚ್ಚರಿಕೆ ತೆಗೆದುಕೊಳ್ಳಲಿಲ್ಲ ಎನ್ನುವಂತಿಲ್ಲ. ಹಳೆಯ ಖಾತೆಯ ಪತ್ರಗಳನ್ನೆಲ್ಲ ಅಳಿಸಿತು. ಹೆಸರನ್ನು ಹೊಸಬರ ಕೈಗೆ ಕೊಡುವ ಮೊದಲು ಕನಿಷ್ಠ ಒಂದು ತಿಂಗಳು ಖಾಲಿ ಇಟ್ಟು, ಬಂದ ಪತ್ರಗಳನ್ನು ‘ಈ ವಿಳಾಸ ಇಲ್ಲ’ ಎಂದು ಹಿಂದಕ್ಕೆ ಕಳಿಸಿತು. ಆದರೂ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಪತ್ರಿಕೆಗಳಲ್ಲಿ ದೂರುಗಳು ಬರತೊಡಗಿದವು. ಹೊಸದಾಗಿ ಹೆಸರು ಪಡೆದ ಒಬ್ಬರಿಗೆ ಹಿಂದಿನವರ ಮನೆ ವಿಳಾಸ, ಫೋನ್ ನಂಬರು, ಮಗುವಿನ ಶಾಲೆ, ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ಎಲ್ಲವೂ ಗೊತ್ತಾಗಿಬಿಟ್ಟಿತ್ತು. ಸ್ನೇಹಿತರ ಮದುವೆಯ ಕರೆಯೋಲೆ ಕೂಡ ಬಂದಿತ್ತು. ಅವರು ಸಜ್ಜನರು, ಹೋಗಿ ಪತ್ರಕರ್ತರಿಗೆ ತಿಳಿಸಿದರು. ಎಲ್ಲರೂ ಹಾಗೇ ಇರುತ್ತಾರೆಂದು ಹೇಳುವವರು ಯಾರು?

ತಪ್ಪಿದ್ದು ಎಲ್ಲಿ ಎಂದು ನೋಡಬೇಕಾದರೆ ಒಂದು ಉದಾಹರಣೆಯ ಜೊತೆ ನಡೆಯೋಣ. ಧಾರವಾಡದ ಒಬ್ಬ ಶಿಕ್ಷಕಿ 2006ರಲ್ಲಿ ಯಾಹೂ ವಿಳಾಸ ಮಾಡಿಕೊಂಡರು ಎಂದಿಟ್ಟುಕೊಳ್ಳಿ. 2009ರಲ್ಲಿ ಫೇಸ್‌ಬುಕ್‌ಗೆ ಸೇರುವಾಗ ಆ ವಿಳಾಸವನ್ನೇ ಕೊಟ್ಟರು. ಮರುವರ್ಷ ಜಿಮೇಲ್‌ಗೆ ಬಂದರು, ಯಾಹೂ ಕಡೆ ಮತ್ತೆ ತಲೆ ಹಾಕಲಿಲ್ಲ. ಫೇಸ್‌ಬುಕ್ ಮಾತ್ರ ದಿನಾ ನೋಡುತ್ತಾರೆ. ಪಾಸ್‌ವರ್ಡ್ ಕಂಪ್ಯೂಟರಿನಲ್ಲೇ ಉಳಿದಿದೆ, ಯಾವ ವಿಳಾಸ ಕೊಟ್ಟಿದ್ದೆ ಎಂಬುದು ನೆನಪಿಲ್ಲ. 2013ರಲ್ಲಿ ಅವರ ಯಾಹೂ ಹೆಸರು ಬೇರೊಬ್ಬನ ಕೈ ಸೇರಿತು. ಅವನು ಫೇಸ್‌ಬುಕ್ ತೆರೆದು, ಆ ವಿಳಾಸ ಬರೆದು, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಸಾಕು. ಹೊಸ ಪಾಸ್‌ವರ್ಡ್ ಇಡುವ ಕೊಂಡಿ ನೇರವಾಗಿ ಅವನ ಇನ್‌ಬಾಕ್ಸ್‌ಗೇ ಬರುತ್ತದೆ. ಯಾರೂ ಏನನ್ನೂ ಕದಿಯಲಿಲ್ಲ, ಯಾವ ಬೀಗವನ್ನೂ ಮುರಿಯಲಿಲ್ಲ. ಶಿಕ್ಷಕಿಯ ಖಾತೆ ಮಾತ್ರ ಕೈತಪ್ಪಿತು.

ಇಮೇಲ್ ವಿಳಾಸ ಬರೀ ಹೆಸರಲ್ಲ, ಉಳಿದ ಹತ್ತಾರು ಖಾತೆಗಳ ಬೀಗದ ಕೈ. ಹಳೆಯ ಪತ್ರಗಳನ್ನು ಅಳಿಸಿದ್ದರಿಂದ ಪ್ರಯೋಜನವಾಗದೇ ಹೋದದ್ದು ಇದಕ್ಕೇ. ಅಪಾಯ ಇದ್ದದ್ದು ಹಿಂದೆ ಬಂದ ಪತ್ರಗಳಲ್ಲಿ ಅಲ್ಲ, ಇನ್ನು ಮುಂದೆ ಬರಲಿರುವ ಪತ್ರಗಳಲ್ಲಿ.

ಯಾಹೂ ಮತ್ತು ಫೇಸ್‌ಬುಕ್‌ನ ಎಂಜಿನಿಯರುಗಳು ಕೂಡಿ ಇದಕ್ಕೊಂದು ದಾರಿ ಕಂಡುಹಿಡಿದರು. ಫೇಸ್‌ಬುಕ್ ಪತ್ರ ಕಳಿಸುವಾಗ ಅದರ ತಲೆಯಲ್ಲಿ ಒಂದು ಸಾಲು ಸೇರಿಸುತ್ತದೆ:

```
Require-Recipient-Valid-Since: user@example.com;
  Sat, 1 Jun 2013 09:23:01 -0700
```

‘ಈ ವಿಳಾಸ ಇಂಥ ದಿನದಿಂದ ಇವತ್ತಿನವರೆಗೂ ಒಬ್ಬರ ಬಳಿಯೇ ಇದ್ದರೆ ಮಾತ್ರ ಪತ್ರ ಮುಟ್ಟಿಸು’ ಎಂದು ಇದರ ಅರ್ಥ. ನಡುವೆ ಮಾಲೀಕರು ಬದಲಾಗಿದ್ದರೆ ಯಾಹೂ ಪತ್ರವನ್ನು ಹಿಂದಕ್ಕೆ ಕಳಿಸಬೇಕು. 2014ರ ಜುಲೈನಲ್ಲಿ ಇದು RFC 7293 ಎಂಬ ಅಂತರ್ಜಾಲ ಮಾನದಂಡವಾಗಿ ಪ್ರಕಟವಾಯಿತು. ಉಪಾಯ ಜಾಣತನದ್ದು. ಆದರೆ ಕಳಿಸುವವರೂ ಪಡೆಯುವವರೂ ಇಬ್ಬರೂ ಇದನ್ನು ಪಾಲಿಸಿದರೆ ಮಾತ್ರ ಕೆಲಸ ಮಾಡುತ್ತದೆ. ಕಣ್ಣಿನ ಡಾಕ್ಟರ ಕ್ಲಿನಿಕ್ಕಿಗೆ, ಮದುವೆಗೆ ಕರೆಯುವ ಸ್ನೇಹಿತರಿಗೆ ಈ ಸಾಲು ಎಲ್ಲಿ ಗೊತ್ತು? ಹೊಸಬರು ತಾವಾಗಿಯೇ ‘ಇದು ನನ್ನ ಪತ್ರವಲ್ಲ’ ಎಂದು ತಿಳಿಸುವ ಬಟನ್ನನ್ನೂ ಯಾಹೂ ಕೊಟ್ಟಿತು. ಅಲ್ಲಿಗೆ ಎಲ್ಲವೂ ಓದಿದವರ ಒಳ್ಳೆಯತನಕ್ಕೆ ಬಿಟ್ಟದ್ದಾಯಿತು.

ಗೂಗಲ್ ಹಿಡಿದ ದಾರಿ ಬೇರೆ, ನನಗೆ ಸರಿ ಎನಿಸುವುದು ಅದೇ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂದು ಅದು 2023ರ ಮೇನಲ್ಲಿ ಪ್ರಕಟಿಸಿತು. ಆ ವರ್ಷದ ಡಿಸೆಂಬರ್ 1ರ ಮುಂಚೆ ಯಾವುದನ್ನೂ ಅಳಿಸುವುದಿಲ್ಲ, ಅಳಿಸುವ ಮೊದಲು ಹಲವು ತಿಂಗಳು ಆ ಖಾತೆಗೂ ರಿಕವರಿ ವಿಳಾಸಕ್ಕೂ ಎಚ್ಚರಿಕೆ ಕಳಿಸುತ್ತೇವೆ ಎಂದಿತು. ಜಿಮೇಲ್, ಡ್ರೈವ್, ಫೋಟೋಸ್ ಎಲ್ಲವೂ ಹೋಗುತ್ತವೆ. ಆದರೆ ಹೆಸರು ಯಾರಿಗೂ ಸಿಗುವುದಿಲ್ಲ. ಅಳಿಸಿದ ಜಿಮೇಲ್ ವಿಳಾಸದಲ್ಲಿ ಹೊಸ ಖಾತೆ ತೆರೆಯಲು ಬರುವುದಿಲ್ಲ, ಹಳೆಯ ಮಾಲೀಕರಿಗೂ ಬರುವುದಿಲ್ಲ. ನಮ್ಮ ಶಿಕ್ಷಕಿಯದು ಜಿಮೇಲ್ ವಿಳಾಸವಾಗಿದ್ದರೆ ಫೇಸ್‌ಬುಕ್‌ನ ಕೊಂಡಿ ಪರರ ಕೈಗೆ ಹೋಗುತ್ತಿರಲಿಲ್ಲ. ಅವರ ಕೈಗೂ ಬರುತ್ತಿರಲಿಲ್ಲ ಎನ್ನುವುದು ಬೇರೆ ಕಷ್ಟ.

ಖಾತೆ ಜೀವಂತವಾಗಿರಲು ದೊಡ್ಡದೇನೂ ಬೇಕಿಲ್ಲ. ಲಾಗಿನ್ ಆಗಿ ಒಂದು ಪತ್ರ ಓದಿದರೆ, ಒಂದು ಯೂಟ್ಯೂಬ್ ವಿಡಿಯೊ ನೋಡಿದರೆ ಸಾಕು. ಒಂದೇ ಫೋನಿನಲ್ಲಿ ಮೂರು ಖಾತೆ ಇಟ್ಟುಕೊಂಡವರು ಎಡವುವುದು ಇಲ್ಲಿಯೇ. ಲೆಕ್ಕ ಖಾತೆಗೆ, ಫೋನಿಗಲ್ಲ. ದಿನಾ ಬಳಸುವ ಖಾತೆ ಉಳಿಯುತ್ತದೆ, ಮಗುವಿನ ಫೋಟೋಗಳನ್ನು ತುಂಬಿಟ್ಟು ಮರೆತ ಇನ್ನೊಂದು ಖಾತೆಗೆ ಅದರ ಆಸರೆ ಸಿಗುವುದಿಲ್ಲ.

ಹೆಸರು ಕೈ ಬದಲಾಯಿಸುವುದು ನಮ್ಮಲ್ಲಿ ಇಮೇಲ್‌ಗಿಂತ ಹೆಚ್ಚಾಗಿ ಮೊಬೈಲ್ ನಂಬರಿನಲ್ಲಿ. ಬಳಕೆಯಿಲ್ಲದೆ ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಆ ಗಡುವು ಮುಗಿದ ಮೇಲೆ ಕೊಡಬಹುದು. ನಿಮ್ಮ ಬ್ಯಾಂಕಿನ ಒಟಿಪಿ ಇನ್ನೂ ಆ ನಂಬರಿಗೇ ಹೋಗುತ್ತಿದ್ದರೆ, ಶಿಕ್ಷಕಿಯ ಕತೆ ಮೊದಲಿನಿಂದ ಶುರು.

ಹೆಸರು ಖಾಲಿ ಮಾಡಿಸಲು ಹೊರಟ ಟ್ವಿಟರ್ 2019ರ ನವೆಂಬರ್‌ನಲ್ಲಿ ಇನ್ನೊಂದು ಕಡೆಯಿಂದ ಪೆಟ್ಟು ತಿಂದಿತು. ಆರು ತಿಂಗಳು ಲಾಗಿನ್ ಆಗದ ಖಾತೆಗಳನ್ನು ತೆಗೆಯುತ್ತೇವೆ, ಡಿಸೆಂಬರ್ 11ರೊಳಗೆ ಒಮ್ಮೆ ಒಳಗೆ ಬನ್ನಿ ಎಂದಿತು. ತೀರಿಹೋದವರು ಹೇಗೆ ಒಳಗೆ ಬರಬೇಕು? ಮಗನ, ಗೆಳತಿಯ ಕೊನೆಯ ಮಾತುಗಳು ಅಲ್ಲಿವೆ ಎಂದು ಜನ ಮೊರೆಯಿಟ್ಟರು. ಮರುದಿನವೇ ಕಂಪನಿ ತಪ್ಪೊಪ್ಪಿಕೊಂಡು, ಅಗಲಿದವರ ಖಾತೆಗಳನ್ನು ಉಳಿಸುವ ವ್ಯವಸ್ಥೆ ಆಗುವವರೆಗೆ ಏನನ್ನೂ ಅಳಿಸುವುದಿಲ್ಲ ಎಂದಿತು.

ಇದನ್ನೆಲ್ಲ ಓದಿದ ಮೇಲೆ ಕಳೆದ ವರ್ಷ ಅಪ್ಪನ ಪಕ್ಕ ಕೂತು ಗೂಗಲ್‌ನ Inactive Account Manager ತೆರೆದೆ. ಖಾತೆ ಎಷ್ಟು ತಿಂಗಳು ಸುಮ್ಮನಿದ್ದರೆ ‘ಬಳಕೆಯಲ್ಲಿಲ್ಲ’ ಎಂದು ತಿಳಿಯಬೇಕು, ಆಗ ಯಾರಿಗೆ ಸುದ್ದಿ ಮುಟ್ಟಿಸಬೇಕು, ಅವರಿಗೆ ಏನೇನು ಕೊಡಬೇಕು ಎಂದು ಅಲ್ಲಿ ನಾವೇ ಬರೆದಿಡಬಹುದು. ಹತ್ತು ಜನರವರೆಗೆ ಹೆಸರಿಸಬಹುದು. ಮೊದಲ ಪುಟದಲ್ಲೇ ಅಪ್ಪನ ಫೋನ್ ನಂಬರು ಕಾಣಿಸಿತು. ಅವರು ನಾಲ್ಕು ವರ್ಷದ ಹಿಂದೆ ಬಿಟ್ಟ ಸಿಮ್‌ನದು. ರಿಕವರಿ ವಿಳಾಸ ನೋಡಿದರೆ, ನಿವೃತ್ತಿಯ ಜೊತೆ ಮುಚ್ಚಿಹೋದ ಕಚೇರಿಯ ಇಮೇಲ್. ಗೂಗಲ್ ಎಷ್ಟು ಎಚ್ಚರಿಕೆ ಕಳಿಸಿದರೂ ಅಪ್ಪನಿಗೆ ಮುಟ್ಟುತ್ತಿರಲಿಲ್ಲ. ಮೊದಲು ಅವೆರಡನ್ನೂ ಬದಲಾಯಿಸಿದೆವು. ‘ಹದಿನೆಂಟು ತಿಂಗಳು ಹಾಕು’ ಎಂದರು ಅಪ್ಪ. ಅಮ್ಮನ ಹೆಸರನ್ನೂ ನನ್ನ ಹೆಸರನ್ನೂ ಸೇರಿಸಿ, ಫೋಟೋಸ್ ಮುಂದಿನ ಚೌಕಕ್ಕೆ ಗುರುತು ಹಾಕಿದರು. ಪತ್ರಗಳ ಚೌಕದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಯೋಚಿಸಿ, ಅದನ್ನು ಹಾಗೇ ಖಾಲಿ ಬಿಟ್ಟರು.