ಕೈ ಅಲುಗದಿದ್ದರೂ ಗುರಿ ಜಾರಿದರೆ

ಆಗುಂಬೆ ಘಾಟಿ ಇಳಿಯುತ್ತಿದ್ದ ಬಸ್ಸಿನಲ್ಲಿ ಅಣ್ಣನ ಮಗ ಬಿಜಿಎಂಐ ಆಡುತ್ತ ಕೂತಿದ್ದ. ತಿರುವು ಬಂದಾಗಲೆಲ್ಲ ಅವನದು ಒಂದೇ ಗೊಣಗಾಟ: "ಚಿಕ್ಕಪ್ಪಾ, ಗುರಿ ತಾನಾಗೇ ಓಡ್ತಿದೆ, ಫೋನ್ ಕೆಟ್ಟೋಗಿದೆ." ಫೋನ್ ಕೆಟ್ಟಿರಲಿಲ್ಲ. ತಿರುಗಿದ್ದು ಕೈಯೋ ಬಸ್ಸೋ ಎಂಬುದು ಅದರೊಳಗಿನ ಜೈರೋಸ್ಕೋಪ್ ಚಿಪ್ಪಿಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗಿತು ಎಂದಷ್ಟೇ ಅದು ಹೇಳುತ್ತದೆ. ಆ ಲೆಕ್ಕವನ್ನು ಕೂಡಿಸುತ್ತ ಆಟ ಗುರಿಯನ್ನು ಸರಿಸುತ್ತದೆ.

ಮನೆಯಲ್ಲಿ ಸುಮ್ಮನೆ ಕೂತಾಗಲೂ ಗುರಿ ಜಾರಿದರೆ ಆಗ ಅನುಮಾನಪಡಬೇಕು. ಊರಿಗೆ ಬಂದ ಮೇಲೆ ಅದನ್ನೇ ನೋಡಿದೆವು. ಜೈರೋಸ್ಕೋಪನ್ನು 'ಆಲ್ವೇಸ್ ಆನ್' ಮಾಡಿ, ಟ್ರೈನಿಂಗ್ ಗ್ರೌಂಡಿಗೆ ಹೋಗಿ, ಗೋಡೆಯ ಒಂದು ಗುರುತಿನ ಮೇಲೆ ಗುರಿ ಇಟ್ಟು, ಫೋನನ್ನು ಮೇಜಿನ ಮೇಲೆ ಮಲಗಿಸಿ ಮತ್ತೆ ಗುರಿಯ ಜಾಗ ಗುರುತಿಟ್ಟುಕೊಂಡು ಒಂದು ನಿಮಿಷ ಮುಟ್ಟದೆ ಬಿಟ್ಟೆವು. ಚಿಪ್ಪು ನಿಶ್ಚಲವಾಗಿದ್ದಾಗಲೂ ಸೆಕೆಂಡಿಗೆ ಬರೀ 0.1 ಡಿಗ್ರಿ ಸುಳ್ಳು ಹೇಳಿದರೆ ನಿಮಿಷಕ್ಕೆ 6 ಡಿಗ್ರಿ ಆಗುತ್ತದೆ. ಸೆನ್ಸಿಟಿವಿಟಿ ಏರಿಸಿದಷ್ಟೂ ಈ ಸುಳ್ಳೂ ದೊಡ್ಡದಾಗುತ್ತದೆ. ಫೋನ್ ಬಿಸಿಯಾದಾಗ ಹೀಗಾಗುವುದು ಹೆಚ್ಚು. ತಣ್ಣಗಾಗಲು ಬಿಟ್ಟು, ಆಫ್ ಮಾಡಿ ಆನ್ ಮಾಡಿ, ಕೊಂಚ ಹೊತ್ತು ಅಲುಗಿಸದೆ ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಗಾಳಿಯಲ್ಲಿ ಫೋನಿನಿಂದ ಎಂಟರ ಆಕಾರ ಬರೆಯುವ ಉಪಾಯ ದಿಕ್ಸೂಚಿಗೆ ಸೇರಿದ್ದು, ಇದಕ್ಕಲ್ಲ. ಕೆಲವು ಅಗ್ಗದ ಫೋನುಗಳಲ್ಲಿ ಜೈರೋಸ್ಕೋಪ್ ಚಿಪ್ಪೇ ಇರುವುದಿಲ್ಲ. ಬೇರೆ ಸಂವೇದಕಗಳಿಂದ ಊಹಿಸಿ ತೋರಿಸುವ ಅಂಥ ಫೋನಿನಲ್ಲಿ ಗುರಿ ನಡುಗುತ್ತ, ತಡವಾಗಿ ಬರುತ್ತದೆ. ಅದನ್ನು ಯಾವ ಸೆಟ್ಟಿಂಗೂ ಸರಿಪಡಿಸದು.

ನಮ್ಮ ಹುಡುಗನ ಫೋನಿನಲ್ಲಿ ಗುರಿ ಅಲುಗಲಿಲ್ಲ. ಉಳಿದದ್ದು ಸೆನ್ಸಿಟಿವಿಟಿ. ಯಾವುದೋ ವಿಡಿಯೊ ನೋಡಿ 3x ಸ್ಕೋಪಿಗೆ 300 ಇಟ್ಟುಕೊಂಡಿದ್ದ. ಆ ವಿಡಿಯೊದವನ ಕೈ ಬೇರೆ, ಫೋನಿನ ತೂಕ ಬೇರೆ.

M416 ಹಿಡಿದು ದೂರದ ಗೋಡೆಗೆ 30 ಗುಂಡನ್ನೂ ಒಂದೇ ಸಮ ಹಾರಿಸು ಎಂದೆ. ಬಂದೂಕಿನ ಮೂತಿ ಮೇಲಕ್ಕೆ ಏರುತ್ತದೆ. ಅದನ್ನು ಇಳಿಸಲು ಫೋನಿನ ಮೇಲಂಚನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಬೇಕು. ಹೆಬ್ಬೆರಳಿನಿಂದ ಪರದೆ ಎಳೆಯಬಾರದು, ಎಳೆದರೆ ಯಾವುದರ ಕೆಲಸ ಯಾವುದು ಎಂದು ತಿಳಿಯುವುದಿಲ್ಲ. ಗುಂಡಿನ ಗುರುತುಗಳು ಮೇಲೇರುತ್ತ ಹೋದರೆ ಅಂಕಿ ಕಡಿಮೆ, ಕೆಳಗಿಳಿದರೆ ಹೆಚ್ಚು. ಮೇಲೆ ಕೆಳಗೆ ಹಾವಿನಂತೆ ಹೊರಳಿದರೂ ಹೆಚ್ಚೇ, ಏಕೆಂದರೆ ಪ್ರತಿ ಸಲ ಅತಿಯಾಗಿ ತಿದ್ದಿ ಮತ್ತೆ ಹಿಂದೆ ಬರುತ್ತಿದ್ದೀರಿ.

ಅವನವು ಹತ್ತನೇ ಗುಂಡಿನ ನಂತರ ಕೆಳಗೆ ಜಾರಿದವು. ಇಪ್ಪತ್ತಿಪ್ಪತ್ತು ಇಳಿಸುತ್ತ ಬಂದು 240ಕ್ಕೆ ಗುರುತುಗಳು ಒಂದೇ ಕಡೆ ಗುಂಪಾದವು. ಅದೇ ಅಂಕಿಯನ್ನು 4xಗೂ ಹಾಕಿದ. ಹಾವು ಮತ್ತೆ ಬಂತು. ಸ್ಕೋಪ್ ಗುರಿಯನ್ನು ಹತ್ತಿರ ತಂದಂತೆ ಕೈಯ ನಡುಕವನ್ನೂ ಹಿಗ್ಗಿಸುತ್ತದೆ, ಹಾಗಾಗಿ 190. 6xಗೆ ಬಂದಾಗ ಅವನ ಉಸಿರಾಟವೂ ಗುರಿಯಲ್ಲಿ ಕಾಣುತ್ತಿತ್ತು. ಅಲ್ಲಿ 90ಕ್ಕೆ ನಿಲ್ಲಿಸಿದೆವು.